ಥೈರಾಯ್ಡ್ ಮಾತ್ರೆ, ಐರನ್, ಕ್ಯಾಲ್ಸಿಯಂ, ಕಾಫಿ: ನಾನು ಟೈಮ್ ಹೊಂದಿಸಿಕೊಂಡಿದ್ದು ಹೀಗೆ

ಸ್ಟ್ರಿಪ್ ಮೇಲೆ 75 ಎಂಸಿಜಿ ಅಂತ ಬರೆದಿರತ್ತೆ, ಆದ್ರೆ ರಕ್ತಕ್ಕೆ 75 ಸೇರಲ್ಲ. ಖಾಲಿ ಹೊಟ್ಟೇಲಿ ನೀಟಾಗಿ ತಗೊಂಡ್ರೂ ಲೀವೋಥೈರಾಕ್ಸಿನ್, ಅಂದ್ರೆ ಥೈರಾಯ್ಡ್ ಮಾತ್ರೆಯಲ್ಲಿರೋ ಹಾರ್ಮೋನ್, ಹೆಚ್ಚುಕಮ್ಮಿ 60ರಿಂದ 80 ಪರ್ಸೆಂಟ್ ಒಳಗೆ ಹೋಗತ್ತೆ ಅಷ್ಟೇ, ಮಿಕ್ಕಿದ್ದು ಕರುಳಲ್ಲೇ ಉಳಿದು ಹೊರಗೆ ಹೋಗತ್ತೆ. ಡಾಕ್ಟರು ಡೋಸ್ ಕೂರಿಸೋದು ಟಿಎಸ್‌ಎಚ್ ಅನ್ನೋ ರಕ್ತಪರೀಕ್ಷೆ ನಂಬರ್ ನೋಡಿ, ಥೈರಾಯ್ಡ್ ಹಾರ್ಮೋನ್ ಸಾಲದೇ ಇದ್ರೆ ಅದು ಏರತ್ತೆ, ಜಾಸ್ತಿ ಆದ್ರೆ ಇಳಿಯತ್ತೆ. ಅಂದ್ರೆ ನೀವು ದಿನಾ ಮಾತ್ರೆ ನುಂಗೋ ರೀತಿನೂ ಆ ಲೆಕ್ಕದೊಳಗೆ ಸೇರಿಹೋಗಿರತ್ತೆ. ಆ ರೀತಿ ಬದಲಾದ್ರೆ ಡೋಸ್ ಬದಲಾದ ಹಾಗೇನೇ, ಸ್ಟ್ರಿಪ್ ಮೇಲಿನ ನಂಬರ್ ಅದೇ ಇದ್ರೂ.

ನಾನು ಫಾರ್ಮಸಿಸ್ಟ್, ಮೆಡಿಕಲ್ ಶಾಪ್ ಕೌಂಟರ್ ಹಿಂದೆ ನಿಂತು ಈ ಮಾತ್ರೇನ ದಿನಾ ಕೊಡ್ತೀನಿ, ನಾನೂ ಇದೇ ಮಾತ್ರೆ ಮೇಲೇ ಇದೀನಿ. ಸುಮಾರು ವರ್ಷ ಏನೂ ಕಷ್ಟ ಇರಲಿಲ್ಲ, ಬೆಳಿಗ್ಗೆ ಎದ್ದು ನುಂಗೋದು, ಆಮೇಲೆ ಕಾಫಿ. ತಲೆಬಿಸಿ ಶುರುವಾಗಿದ್ದು ನನಗೆ ಫೆರಿಟಿನ್, ಅಂದ್ರೆ ದೇಹದಲ್ಲಿ ಕೂಡಿಟ್ಟ ಐರನ್ನಿನ ಲೆಕ್ಕ, ಕಮ್ಮಿ ಅಂತ ಐರನ್, ಜೊತೆಗೆ ಕ್ಯಾಲ್ಸಿಯಂ ಎರಡೂ ಸೇರಿಕೊಂಡಾಗ, ಯಾಕಂದ್ರೆ ಆಗ ಒಂದನ್ನೊಂದು ತಡೆಯೋ ನಾಲ್ಕು ವಸ್ತುಗಳನ್ನ ಒಂದೇ ದಿನದಲ್ಲಿ ಹೊಂದಿಸಬೇಕು. ಆ ಟೈಮಲ್ಲೇ ನಮ್ಮ ಅತ್ತಿಗೆ ಅವರ ರಿಪೋರ್ಟ್ ಹಿಡ್ಕೊಂಡು ಬಂದ್ರು. ಅವರದ್ದೂ 75, ಯಾವಾಗ್ಲೂ ಟಿಎಸ್‌ಎಚ್ 2ರ ಆಸುಪಾಸು ಇರೋದು, ಈ ಸಲ 8 ದಾಟಿತ್ತು. ಡೋಸ್ 100 ಮಾಡಿ ಅಂತ ಚೀಟಿ ಬರೆದುಕೊಟ್ಟಿದ್ರು.

"ಅತ್ತಿಗೆ, ಬೇರೆ ಏನಾದ್ರೂ ಮಾತ್ರೆ ಹೊಸದಾಗಿ ಶುರು ಮಾಡಿದ್ರಾ?" ಅಂದೆ.

"ರಕ್ತ ಕಮ್ಮಿ ಅಂತ ಐರನ್ ಕೊಟ್ಟಿದಾರೆ, ಮಂಡಿಗೆ ಅಂತ ಕ್ಯಾಲ್ಸಿಯಂ. ಮೂರೂ ಬೆಳಿಗ್ಗೆ ಒಂದೇ ಲೋಟ ನೀರಲ್ಲಿ ನುಂಗಿಬಿಡ್ತೀನಿ ಕಣೆ, ಮರೆಯೋ ತಾಪತ್ರಯ ಇರಲ್ಲ."

ಮೂರು ಬೇರೆ ಬೇರೆ ಡಾಕ್ಟರು, ಮೂರು ಚೀಟಿ, ಯಾವುದರ ಮೇಲೂ ಇನ್ನೊಂದರ ಹೆಸರಿಲ್ಲ. ಕೌಂಟರಲ್ಲಿ ನಾನು ನೋಡೋ ಚೀಟಿಗಳಲ್ಲಿ ಇದು ತೀರಾ ಮಾಮೂಲಿ.

ಹೊಟ್ಟೆ ಒಳಗೆ ಏನಾಗತ್ತೆ ಅಂದ್ರೆ, ಮಾತ್ರೆಯಲ್ಲಿರೋ ಥೈರಾಕ್ಸಿನ್‌ಗೆ ಲೋಹದ ಅಯಾನುಗಳು ಸಿಕ್ಕಿದ್ರೆ ಅಂಟಿಕೊಳ್ಳೋ ಸ್ವಭಾವ ಇದೆ. ಐರನ್ ಜೊತೆ ಸೇರಿದ್ರೆ ಸರಿಯಾಗಿ ಕರಗದೇ ಇರೋ ಒಂದು ಜೋಡಿ ಆಗತ್ತೆ. 1992ರಲ್ಲಿ ಬಂದ ಒಂದು ಸ್ಟಡಿಯಲ್ಲಿ ಟೆಸ್ಟ್ ಟ್ಯೂಬಲ್ಲಿ ಎರಡನ್ನೂ ಬೆರೆಸಿದಾಗ ನೇರಳೆ ಬಣ್ಣದ, ಕರಗದ ವಸ್ತು ಕಂಡಿತ್ತು. ಅದೇ ಸ್ಟಡಿಯಲ್ಲಿ 12 ವಾರ ಥೈರಾಯ್ಡ್ ಮಾತ್ರೆ ಜೊತೆಗೇ ಫೆರಸ್ ಸಲ್ಫೇಟ್ ಅನ್ನೋ ಐರನ್ ಮಾತ್ರೆ ತಗೊಂಡವರ ಸರಾಸರಿ ಟಿಎಸ್‌ಎಚ್ 1.6ರಿಂದ 5.4ಕ್ಕೆ ಏರಿತ್ತು. ಡೋಸ್ ಮಾತ್ರ ಅದೇ. ಕ್ಯಾಲ್ಸಿಯಂ ಕಾರ್ಬೊನೇಟ್ ಕಥೆ ಸ್ವಲ್ಪ ಬೇರೆ, ಹೊಟ್ಟೆಯ ಹುಳಿ ವಾತಾವರಣದಲ್ಲಿ ಥೈರಾಕ್ಸಿನ್ ಅದರ ಕಣಗಳ ಮೇಲೆ ಅಂಟಿಕೊಂಡುಬಿಡತ್ತೆ. ಹೊಡೆತ ಐರನ್‌ಗಿಂತ ಸಾಮಾನ್ಯವಾಗಿ ಕಮ್ಮಿ, ಆದ್ರೆ ಕೆಲವರಲ್ಲಿ ಟಿಎಸ್‌ಎಚ್ ನಾರ್ಮಲ್ ದಾಟೋಷ್ಟು ಇರತ್ತೆ. ಹೀಗೆ ಅಂಟಿಕೊಂಡಿದ್ದು ಕರುಳಿನ ಗೋಡೆ ದಾಟಲ್ಲ. ಎರಡೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಇದ್ರೆ ಮಾತ್ರ ಈ ಸಮಸ್ಯೆ, ಹಾಗಾಗಿ ಗ್ಯಾಪ್ ಕೊಟ್ರೆ ಬಗೆಹರಿಯತ್ತೆ. ಮಾತ್ರೆ ಹೀರಿಕೊಳ್ಳೋ ಕೆಲಸ ಹೆಚ್ಚಿನಂಶ ಮೊದಲ 2-3 ಗಂಟೇಲೇ ಸಣ್ಣಕರುಳಲ್ಲಿ ಮುಗಿಯತ್ತೆ, ಅದಕ್ಕೇ ಐರನ್ ಕ್ಯಾಲ್ಸಿಯಂಗೆ 4 ಗಂಟೆ ಗ್ಯಾಪ್ ಅಂತ ಹೇಳೋದು.

ಕಾಫಿ ಬಗ್ಗೆ ಜನ ನಂಬಲ್ಲ. ಕಾಫೀಲಿ ಕ್ಯಾಲ್ಸಿಯಂ ಎಲ್ಲಿದೆ, ನಾನು ಹಾಲೇ ಹಾಕಲ್ಲ ಅಂತಾರೆ. ಹಾಲಿಲ್ಲದ ಎಸ್‌ಪ್ರೆಸೊ ಜೊತೆ ಮಾತ್ರೆ ಕೊಟ್ಟು ನೋಡಿದಾರೆ, ರಕ್ತಕ್ಕೆ ಸೇರೋ ಥೈರಾಕ್ಸಿನ್ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಇಳಿದಿದೆ. ಹಾಲು ಹಾಕಿದ್ರೆ ಅದರ ಕ್ಯಾಲ್ಸಿಯಂ ಬೇರೆ ಸೇರಿಕೊಳ್ಳತ್ತೆ. ಊಟ ತಿಂಡಿಯದ್ದು ಇನ್ನೊಂದು ಥರ: ಹೊಟ್ಟೆ ತುಂಬಿದ್ರೆ ಹುಳಿ ತೆಳುವಾಗತ್ತೆ, ಈ ಮಾತ್ರೆ ಚೆನ್ನಾಗಿ ಕರಗೋಕೆ ಆ ಹುಳಿ ಬೇಕು, ಮೇಲಿಂದ ನಾರಿನಂಶ, ಸೋಯಾ ಇದ್ರೆ ಅವೂ ಒಂದಷ್ಟನ್ನ ಹಿಡಿದಿಟ್ಟುಕೊಳ್ಳತ್ತೆ. ಒಂದು ದಿನ ತಿಂಡಿ ಜೊತೆ ನುಂಗಿದ್ರೆ ಏನೂ ಮುಳುಗಿಹೋಗಲ್ಲ. ಥೈರಾಕ್ಸಿನ್ ದೇಹದಲ್ಲಿ ಅರ್ಧಕ್ಕೆ ಇಳಿಯೋಕೆ ಸುಮಾರು 7 ದಿನ ಬೇಕು, ಹಾಗಾಗಿ ಒಂದು ದಿನದ ಎಡವಟ್ಟು ಟಿಎಸ್‌ಎಚ್‌ನಲ್ಲಿ ಕಾಣೋದೇ ಇಲ್ಲ. ಕಾಣೋದು ವಾರಗಟ್ಟಲೆ ನಡೆದ ಅಭ್ಯಾಸ.

ಈಗ ನನ್ನ ದಿನ ಹೇಗೆ ಕೂತಿದೆ ಅಂತ ಹೇಳ್ತೀನಿ. ಬೆಳಿಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ, ಒಂದು ಲೋಟ ತುಂಬ ಬರೀ ನೀರು. 7ಕ್ಕೆ ಕಾಫಿ, ಅದಾದ ಮೇಲೆ ತಿಂಡಿ. ಒಂದು ಗಂಟೆ ಕಾಯಕ್ಕೆ ಆಗದೇ ಇರೋರಿಗೆ ಕಮ್ಮಿ ಅಂದ್ರೂ ಅರ್ಧ ಗಂಟೆ ಅಂತ ಹೇಳ್ತಾರೆ, ಆದ್ರೆ ದಿನಾ ಅಷ್ಟೇ ಇರಲಿ, ಒಂದಿನ ಅರ್ಧ ಗಂಟೆ ಇನ್ನೊಂದಿನ ಕಾಫಿ ಜೊತೇಲೇ ಅಂತ ಆಗಬಾರದು. ಐರನ್ ಎಲ್ಲಿ ಹಾಕೋದು ಅನ್ನೋದೇ ನಿಜವಾದ ಕಸರತ್ತು, ಯಾಕಂದ್ರೆ ಅದೂ ಖಾಲಿ ಹೊಟ್ಟೆ ಕೇಳೋ ಗಿರಾಕಿ, ಮತ್ತೆ ಕಾಫಿ, ಟೀ, ಕ್ಯಾಲ್ಸಿಯಂ ಮೂರೂ ಅದಕ್ಕೂ ಅಡ್ಡ ಬರತ್ತೆ. ನಾನು 11ಕ್ಕೆ ಹಾಕಿದೆ: ಥೈರಾಯ್ಡ್ ಮಾತ್ರೆಯಿಂದ 5 ಗಂಟೆ ಆಗಿರತ್ತೆ, ತಿಂಡಿ ಅರಗಿರತ್ತೆ, ಊಟಕ್ಕೆ ಇನ್ನೂ ಟೈಮ್ ಇರತ್ತೆ. ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಉಲ್ಟಾ, ಅದಕ್ಕೆ ಊಟ ಮಾಡಿದಾಗ ಹೊಟ್ಟೆ ಹೊಸದಾಗಿ ಸುರಿಸೋ ಹುಳಿ ಬೇಕು, ಅದನ್ನ ರಾತ್ರಿ ಊಟದ ಜೊತೆ ಇಟ್ಟೆ. ರಾತ್ರಿ 8:30ಕ್ಕೆ ತಗೊಂಡ್ರೆ ಮಾರನೇ ಬೆಳಿಗ್ಗೆಯ ಮಾತ್ರೆಗೆ 9 ಗಂಟೆಗಿಂತ ಜಾಸ್ತಿ ದೂರ ಸಿಗತ್ತೆ.

ಅತ್ತಿಗೆಗೂ ಇದೇ ಪಟ್ಟಿ ಬರೆದುಕೊಟ್ಟೆ, ಆದ್ರೆ ಖಾಲಿ ಹೊಟ್ಟೇಲಿ ಐರನ್ ಅವರಿಗೆ ಹೊಟ್ಟೆ ತೊಳೆಸತ್ತೆ, ಹಾಗಾಗಿ ಮಧ್ಯಾಹ್ನ ಊಟ ಆದ ಮೇಲೆ ಅಂತ ಮಾಡಿದ್ವಿ. ಐರನ್ ಸ್ವಲ್ಪ ಕಮ್ಮಿ ಸೇರತ್ತೆ, ಆದ್ರೂ ಅರ್ಧಕ್ಕೆ ಬಿಡೋದಕ್ಕಿಂತ ಅದು ವಾಸಿ. 100ರ ಚೀಟಿ ಬಗ್ಗೆ ನಾನೇನೂ ತೀರ್ಮಾನ ಮಾಡಲಿಲ್ಲ, ಅದು ನನ್ನ ಕೆಲಸ ಅಲ್ಲ. ಅವರ ಡಾಕ್ಟರಿಗೆ ಫೋನ್ ಮಾಡಿ, ಮೂರೂ ಒಟ್ಟಿಗೆ ತಗೋತಿದ್ದೆ ಅಂತ ಹೇಳಿ, 75ರಲ್ಲೇ ಟೈಮ್ ಸರಿ ಮಾಡಿಕೊಂಡು ಮತ್ತೆ ಟೆಸ್ಟ್ ಮಾಡಿಸಬಹುದಾ ಕೇಳಿ ಅಂದೆ. ಡಾಕ್ಟರು ತಕ್ಷಣ ಒಪ್ಪಿದ್ರು, ಅತ್ತಿಗೆ ಐರನ್, ಕ್ಯಾಲ್ಸಿಯಂ ತಗೋತಿರೋದು ಅವರಿಗೆ ಗೊತ್ತೇ ಇರಲಿಲ್ಲವಂತೆ.

ಇಲ್ಲಿ ಒಂದು ಸೂಕ್ಷ್ಮ ಇದೆ. 100 ಮಾಡಿದ್ರೂ ಟಿಎಸ್‌ಎಚ್ ಇಳಿದಿರೋದು, ಎಲ್ಲರಿಗೂ ಸಮಾಧಾನ ಆಗಿರೋದು. ಆದ್ರೆ ಐರನ್ ಕೋರ್ಸ್ ಕೆಲವು ತಿಂಗಳಿಗೆ ಮುಗಿಯತ್ತೆ, ಅವತ್ತಿಂದ ತಡೆ ಇಲ್ಲ, 100ರ ಮಾತ್ರೆ ಪೂರಾ ಕೆಲಸ ಮಾಡೋಕೆ ಶುರು ಮಾಡತ್ತೆ, ಆಗ ಎದೆ ಢವಢವ, ಕೈ ನಡುಕ, ನಿದ್ದೆ ಬರಲ್ಲ, ಬೆವರು. ಟಿಎಸ್‌ಎಚ್ ಜಾಸ್ತಿ ದಿನ ತೀರಾ ಕೆಳಗೆ ಇದ್ರೆ ಹೃದಯದ ಬಡಿತ ತಪ್ಪೋ ಸಾಧ್ಯತೆ ಹೆಚ್ಚತ್ತೆ, ವಯಸ್ಸಾದ ಹೆಂಗಸರಲ್ಲಿ ಮೂಳೆ ಸವೆಯತ್ತೆ, ಅಂದ್ರೆ ಯಾವ ಮೂಳೆಗೆ ಅಂತ ಕ್ಯಾಲ್ಸಿಯಂ ನುಂಗ್ತಿದ್ರೋ ಅದಕ್ಕೇ ಪೆಟ್ಟು. ಟೈಮಿಂಗ್ ಸರಿ ಮಾಡೋ ಮುಂಚೆ ಡೋಸ್ ಏರಿಸಿದ್ರೆ ಬರೋ ಕಷ್ಟ ಇದು. ಗರ್ಭಿಣಿಯರ ವಿಷಯ ಮಾತ್ರ ಬೇರೆ, ಅವರಿಗೆ ನಿಜವಾಗ್ಲೂ ಡೋಸ್ ಜಾಸ್ತಿ ಬೇಕಾಗತ್ತೆ, ಐರನ್ ಕ್ಯಾಲ್ಸಿಯಂ ಎರಡೂ ಕೊಟ್ಟಿರ್ತಾರೆ ಬೇರೆ, ಅಲ್ಲಿ ಟೈಮ್ ಸರಿ ಮಾಡಿ ಕಾದು ನೋಡೋಣ ಅನ್ನೋ ಹಾಗಿಲ್ಲ, ತಕ್ಷಣ ಡಾಕ್ಟರನ್ನೇ ಕೇಳಬೇಕು.

ಎರಡೇ ವಾರಕ್ಕೆ ಅತ್ತಿಗೆ "ಟೆಸ್ಟ್ ಮಾಡಿಸ್ಲಾ?" ಅಂತ ಶುರು ಮಾಡಿದ್ರು. ಬೇಡ ಅಂದೆ. ಥೈರಾಕ್ಸಿನ್ ಹೊಸ ಮಟ್ಟಕ್ಕೆ ಬಂದು ನಿಲ್ಲೋಕೇ 5 ವಾರದ ಹತ್ರ ಬೇಕು, ಟಿಎಸ್‌ಎಚ್ ಅದರ ಹಿಂದೆ ನಿಧಾನಕ್ಕೆ ಬರತ್ತೆ, 6ರಿಂದ 8 ವಾರದ ಮುಂಚೆ ಬಂದ ನಂಬರ್ ನೋಡಿ ಯಾರೂ ಏನೂ ನಿರ್ಧಾರ ಮಾಡಕ್ಕಾಗಲ್ಲ. ಎಂಟನೇ ವಾರದ ರಿಪೋರ್ಟಲ್ಲಿ 2.6 ಬಂತು, ಅದೇ 75ರಲ್ಲಿ.

ಬೆಳಿಗ್ಗೆ ಆಗಲ್ಲ ಅನ್ನೋರಿಗೆ ರಾತ್ರಿ ಮಲಗೋ ಮುಂಚೆ ತಗೊಳ್ಳೋದೂ ಒಳ್ಳೇ ದಾರಿನೇ, ಆದ್ರೆ ಊಟ ಆಗಿ 3 ಗಂಟೆ ಕಳೆದಿರಬೇಕು, ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಬರಬೇಕು. 10ಕ್ಕೆ ಊಟ ಮಾಡಿ 11ಕ್ಕೆ ಮಲಗೋರಿಗೆ ಇದು ಸರಿಹೋಗಲ್ಲ. ಬೆಳಿಗ್ಗೆಯಿಂದ ರಾತ್ರಿಗೆ ಬದಲಾಯಿಸಿದ್ರೂ 6-8 ವಾರಕ್ಕೆ ಒಂದು ಟಿಎಸ್‌ಎಚ್ ಬೇಕು.

ಎಲ್ಲಾ ಸರಿಯಾಗಿ ಪಾಲಿಸಿದ್ರೂ ನಂಬರ್ ಇಳಿಯದೇ ಇದ್ರೆ ನಾನು ಎರಡು ವಿಷಯ ಕೇಳ್ತೀನಿ. ಒಂದು, ಮಲ್ಟಿವಿಟಮಿನ್ ತಗೋತೀರಾ? ಅದರ ಲೇಬಲ್ ತಿರುಗಿಸಿ ಓದಿದ್ರೆ ಐರನ್ ಕ್ಯಾಲ್ಸಿಯಂ ಎರಡೂ ಇರೋದು ಜಾಸ್ತಿ, ಎದೆಯುರಿಗೆ ಅಂತ ಚಪ್ಪರಿಸೋ ಆಂಟಾಸಿಡ್‌ನಲ್ಲೂ ಕ್ಯಾಲ್ಸಿಯಂ ಅಥವಾ ಅಲ್ಯುಮಿನಿಯಂ ಇರತ್ತೆ. ಇವಕ್ಕೂ ಅದೇ 4 ಗಂಟೆ. ಎರಡು, ಗ್ಯಾಸ್ಟ್ರಿಕ್‌ಗೆ ಒಮೆಪ್ರಜೋಲ್ ಥರದ ಮಾತ್ರೆ ದಿನಾ ಇದೆಯಾ? ಇದ್ರೆ ಗ್ಯಾಪ್ ಕೊಟ್ಟು ಉಪಯೋಗ ಇಲ್ಲ, ಯಾಕಂದ್ರೆ ಅದು ಥೈರಾಕ್ಸಿನ್‌ಗೆ ಅಂಟಿಕೊಳ್ಳಲ್ಲ, ಹೊಟ್ಟೆಯ ಹುಳಿಯನ್ನೇ ಇಡೀ ದಿನ ಕಮ್ಮಿ ಮಾಡಿಬಿಡತ್ತೆ. ಅಲ್ಲಿ ಡೋಸ್ ಏರಿಸೋದೋ, ಲಿಕ್ವಿಡ್ ಅಥವಾ ಸಾಫ್ಟ್‌ಜೆಲ್ ಕೊಡೋದೋ ಡಾಕ್ಟರ್ ನೋಡ್ತಾರೆ.

ಇನ್ನು ಟೆಸ್ಟ್ ದಿನ ರಕ್ತ ಕೊಟ್ಟ ಮೇಲೇ ಮಾತ್ರೆ ತಗೊಳ್ಳಿ, ನುಂಗಿದ ಕೆಲವು ಗಂಟೆ ಫ್ರೀ ಟಿ4, ಅಂದ್ರೆ ರಕ್ತದಲ್ಲಿ ಬಿಡಿಯಾಗಿರೋ ಥೈರಾಕ್ಸಿನ್ ಅಳತೆ, ಏರಿ ಕೂತಿರತ್ತೆ. ಕೂದಲಿಗೆ ಅಂತ ಬಯೋಟಿನ್ ತಗೋತಿದ್ರೆ ಕಮ್ಮಿ ಅಂದ್ರೂ 2 ದಿನ ಮುಂಚೆ ನಿಲ್ಲಿಸಿ, ಅದು ಮಾತ್ರೆ ಹೀರೋದಕ್ಕೆ ಅಡ್ಡ ಬರಲ್ಲ, ಆದ್ರೆ ಕೆಲವು ಲ್ಯಾಬ್ ಮೆಷಿನ್‌ಗಳಲ್ಲಿ ಟಿಎಸ್‌ಎಚ್‌ನ ಸುಳ್ಳೇ ಕಮ್ಮಿ ತೋರಿಸತ್ತೆ.