ಚಕ್ರ ಬಂಡಿಗೆ ಏನಾಗಬೇಕು?

ವಿಜಯನಗರದಲ್ಲಿ ಸಂಜೆ ಹೊತ್ತು ಕಾನ್‌ಸ್ಟೆಬಲ್, ಎಸ್‌ಡಿಎ ಪರೀಕ್ಷೆಗೆ ಓದುವವರಿಗೆ ನಾನು ಮಾನಸಿಕ ಸಾಮರ್ಥ್ಯದ ಪಾಠ ಮಾಡುತ್ತೇನೆ. ಹಿಂದೆ ನಾನೂ ಅಂಥ ಪರೀಕ್ಷೆಗಳನ್ನು ಬರೆದವನೇ. ‘ಮೊದಲೆರಡು ಪದಗಳಿಗಿರುವ ಸಂಬಂಧದಂತೆ ಮೂರನೆಯ ಪದಕ್ಕೆ ಹೊಂದುವುದನ್ನು ಆರಿಸಿ’ ಎನ್ನುವ ಪ್ರಶ್ನೆ ಹೈಸ್ಕೂಲಿನ ಕನ್ನಡ ಪತ್ರಿಕೆಯಿಂದಲೇ ನಮಗೆಲ್ಲ ಪರಿಚಿತ. ಗೈಡುಗಳಲ್ಲಿ ಇದಕ್ಕೆ ಉದ್ದದ ಪಟ್ಟಿ ಕೊಟ್ಟಿರುತ್ತಾರೆ: ಭಾಗ ಮತ್ತು ಪೂರ್ಣ, ಉಪಕರಣ ಮತ್ತು ಕೆಲಸಗಾರ, ಕಾರಣ ಮತ್ತು ಪರಿಣಾಮ, ಪ್ರಾಣಿ ಮತ್ತು ಮರಿ, ಹೀಗೆ. ಪ್ರಾಣಿ–ಮರಿಯಲ್ಲಿ ಯಾರೂ ಎಡವುವುದಿಲ್ಲ. ಎಡವುವುದು ಮೊದಲ ಎರಡರಲ್ಲೇ. ಏಕೆಂದರೆ ಆ ಎರಡು ಹೆಸರುಗಳ ಅಡಿಯಲ್ಲಿ ಬೇರೆ ಬೇರೆ ನಂಟುಗಳು ಒಟ್ಟಿಗೆ ಅಡಗಿ ಕೂತಿವೆ.

ಬೋರ್ಡಿನ ಮೇಲೆ ನಾನು ಮೊದಲು ಬರೆಯುವ ಪ್ರಶ್ನೆ ಇದು.

ಚಕ್ರ : ಬಂಡಿ :: ?
ಅ) ಮರ : ಕಾಡು
ಆ) ಹಿಟ್ಟು : ರೊಟ್ಟಿ
ಇ) ರೆಕ್ಕೆ : ಫ್ಯಾನ್
ಈ) ಎತ್ತು : ನೊಗ

ಚಕ್ರ ಬಂಡಿಗೆ ಏನಾಗಬೇಕು ಎಂದು ಕೇಳಿದರೆ ತರಗತಿಯೆಲ್ಲ ‘ಭಾಗ’ ಎನ್ನುತ್ತದೆ. ಸರಿ. ಆದರೆ ಉತ್ತರ ಆರಿಸುವಾಗ ಕೈಗಳು ಅ ಮತ್ತು ಇ ನಡುವೆ ಹಂಚಿಹೋಗುತ್ತವೆ. ಯಾರಾದರೂ ಒಬ್ಬರು ಎದ್ದು ಕೇಳಿಯೇ ಕೇಳುತ್ತಾರೆ: “ಸರ್, ಮರವೂ ಕಾಡಿನ ಭಾಗವೇ ಅಲ್ವಾ?” ಹೌದು ಕಣಪ್ಪ, ಭಾಗವೇ. ಹಿಟ್ಟು ಕೂಡ ಒಂದು ಲೆಕ್ಕದಲ್ಲಿ ರೊಟ್ಟಿಯ ಭಾಗವೇ. ಅದಕ್ಕೇ ‘ಭಾಗ’ ಎನ್ನುವ ಮಾತಿಗೆ ನಿಲ್ಲಬಾರದು. ಮೊದಲನೆಯದನ್ನು ಎರಡನೆಯದರಿಂದ ತೆಗೆದುಬಿಟ್ಟರೆ ಏನಾಗುತ್ತದೆ ಎಂದು ನೋಡಬೇಕು.

ಬಂಡಿಯಿಂದ ಚಕ್ರ ಬಿಚ್ಚಬಹುದು, ಆದರೆ ಬಂಡಿ ಓಡುವುದಿಲ್ಲ. ಚಕ್ರಕ್ಕೆ ಅದರದೇ ಜಾಗವಿದೆ, ಅಲ್ಲಿ ಅದು ಮಾಡುವ ಕೆಲಸವಿದೆ. ಕಾಡಿನಿಂದ ಒಂದು ಮರ ಕಡಿದರೆ ಕಾಡು ಕಾಡಾಗಿಯೇ ಇರುತ್ತದೆ. ಯಾವ ಮರವಾದರೂ ಸರಿ, ಯಾವ ಮೂಲೆಯದಾದರೂ ಸರಿ. ಅದು ಗುಂಪಿನಲ್ಲಿ ಒಂದು, ಅಷ್ಟೇ. ಸೈನಿಕ–ಸೈನ್ಯ, ಕುರಿ–ಮಂದೆ ಇದೇ ಬಗೆ. ರೊಟ್ಟಿಯಿಂದ ಹಿಟ್ಟನ್ನು ತೆಗೆಯುವ ಮಾತೇ ಇಲ್ಲ, ಅದು ಕರಗಿ ರೊಟ್ಟಿಯೇ ಆಗಿಹೋಗಿದೆ. ಇದು ವಸ್ತು ಮತ್ತು ಅದರಿಂದಾದ ಪದಾರ್ಥದ ನಂಟು. ನೊಗದಿಂದ ಎತ್ತನ್ನು ಬಿಚ್ಚಿದರೆ ನೊಗಕ್ಕೆ ಏನೂ ಊನವಿಲ್ಲ, ಎತ್ತು ನೊಗದ ಭಾಗವೇ ಅಲ್ಲ, ಬರೀ ಜೊತೆಗಾರ. ಉಳಿದದ್ದು ಫ್ಯಾನು: ರೆಕ್ಕೆ ಬಿಚ್ಚಬಹುದು, ಬಿಚ್ಚಿದರೆ ಗಾಳಿ ಬರುವುದಿಲ್ಲ. ಉತ್ತರ ಇ.

ಈ ಪರೀಕ್ಷೆ ನನ್ನ ತಲೆಯಿಂದ ಹೊಸದಾಗಿ ಹುಟ್ಟಿದ್ದೇನೂ ಅಲ್ಲ. 1987ರಲ್ಲಿ ಮಾರ್ಟನ್ ವಿನ್‌ಸ್ಟನ್, ರೋಜರ್ ಚಾಫಿನ್, ಡಗ್ಲಸ್ ಹರ್ಮನ್ ಎಂಬ ಮೂವರು ಸಂಶೋಧಕರು ಭಾಗ–ಪೂರ್ಣ ಸಂಬಂಧವನ್ನು ಆರು ಬಗೆಯಾಗಿ ವಿಂಗಡಿಸಿದರು. ವಿಂಗಡಿಸಲು ಅವರು ಹಿಡಿದದ್ದು ಮೂರು ಅಳತೆ. ಭಾಗಕ್ಕೆ ಆ ಜಾಗದಲ್ಲಿ ಗೊತ್ತಾದ ಕೆಲಸವಿದೆಯೇ? ಅದನ್ನು ಬೇರ್ಪಡಿಸಬಹುದೇ? ಭಾಗವೂ ಪೂರ್ಣವೂ ಒಂದೇ ಥರದ್ದೇ? ಮೂರನೆಯದು ನಮ್ಮ ಪರೀಕ್ಷೆಗಳಲ್ಲಿ ಕಡಿಮೆ ಬೇಕಾಗುತ್ತದೆ. ಬೆಲ್ಲದ ಅಚ್ಚನ್ನು ಒಡೆದರೆ ಬರುವ ಚೂರೂ ಬೆಲ್ಲವೇ. ಬಂಡಿಯ ಚಕ್ರ ಮಾತ್ರ ಬಂಡಿಯಲ್ಲ. ಮೊದಲೆರಡು ಅಳತೆ ಇಟ್ಟುಕೊಂಡರೆ ಹೆಚ್ಚಿನ ಪ್ರಶ್ನೆಗಳು ಬಗೆಹರಿಯುತ್ತವೆ.

ಹಾಗಂತ ಪ್ರತಿ ಪ್ರಶ್ನೆಯಲ್ಲೂ ಇಷ್ಟು ಸೀಳಿ ನೋಡಬೇಕಾಗಿಲ್ಲ. ಮೇಲಿನ ಪ್ರಶ್ನೆಯಲ್ಲೇ ಫ್ಯಾನಿನ ಬದಲು ‘ಹಸು : ಕರು’ ಇದ್ದಿದ್ದರೆ ‘ಮರ : ಕಾಡು’ ಉತ್ತರವಾಗುತ್ತಿತ್ತು, ಉಳಿದವುಗಳಿಗಿಂತ ಅದೇ ಹತ್ತಿರ. ಆದ್ದರಿಂದ ನಾನು ಮೊದಲು ಸಡಿಲವಾದ ಒಂದು ವಾಕ್ಯ ಮಾಡಿಕೊಂಡು ನಾಲ್ಕೂ ಆಯ್ಕೆಗಳ ಮೇಲೆ ಹಾಯಿಸುತ್ತೇನೆ. ಎರಡು ಉಳಿದರೆ ಮಾತ್ರ ವಾಕ್ಯವನ್ನು ಬಿಗಿ ಮಾಡುತ್ತೇನೆ. ಮೊದಲೇ ಬಿಗಿ ಮಾಡಿ ಕೂತವರಿಗೆ ಯಾವ ಆಯ್ಕೆಯೂ ಹೊಂದದೆ ಸಮಯ ಹೋಗುತ್ತದೆ.

ಇನ್ನು ಕೆಲಸಗಾರನ ಪ್ರಶ್ನೆಗಳು. ಇಲ್ಲಿ ಎಡವಿಸುವುದು ನಮ್ಮ ‘ಇಂದ’ ಪ್ರತ್ಯಯ. ಬಡಗಿ ಉಳಿಯಿಂದ ಕೆತ್ತುತ್ತಾನೆ, ಮರದಿಂದ ಕುರ್ಚಿ ಮಾಡುತ್ತಾನೆ. ಉಪಕರಣಕ್ಕೂ ‘ಇಂದ’, ಕಚ್ಚಾ ವಸ್ತುವಿಗೂ ‘ಇಂದ’. ಹಾಗಾಗಿ ‘ಇವನು ಇದರಿಂದ ಕೆಲಸ ಮಾಡುತ್ತಾನೆ’ ಎಂದು ವಾಕ್ಯ ಮಾಡಿಕೊಂಡರೆ ಎರಡೂ ಸಲೀಸಾಗಿ ಹಾದುಹೋಗುತ್ತವೆ. ಈ ಪ್ರಶ್ನೆ ನೋಡಿ.

ದರ್ಜಿ : ಸೂಜಿ :: ಗಾರೆ ಕೆಲಸದವನು : ?
ಅ) ಸಿಮೆಂಟು
ಆ) ಕರಣೆ
ಇ) ಇಟ್ಟಿಗೆ
ಈ) ಗೋಡೆ

ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಹಲವರಿಗೆ ‘ಕರಣೆ’ ಎಂದರೇನೆಂದು ಗೊತ್ತಿರುವುದಿಲ್ಲ. ಬೀದಿಬೀದಿಯಲ್ಲೂ ಕಟ್ಟಡ ಏಳುವ ಊರಿನಲ್ಲಿ ಇದೊಂದು ಸೋಜಿಗ. ಗೊತ್ತಿಲ್ಲದ ಪದ ಬಿಟ್ಟು ಸಿಮೆಂಟಿಗೆ ಗುರುತು ಹಾಕುತ್ತಾರೆ. ಸಿಮೆಂಟಿಲ್ಲದೆ ಗಾರೆ ಕೆಲಸ ಎಲ್ಲಿಯದು ಎಂಬ ತರ್ಕ. ಇಲ್ಲಿ ನಾನು ಕೇಳಿಸುವ ಪ್ರಶ್ನೆ ಬೇರೆ: ಕೆಲಸ ಮುಗಿದ ಮೇಲೆ ಅದು ಎಲ್ಲಿರುತ್ತದೆ? ಬಟ್ಟೆ ಹೊಲಿದಾದ ಮೇಲೆ ಸೂಜಿ ದರ್ಜಿಯ ಹತ್ತಿರವೇ ಉಳಿಯುತ್ತದೆ, ನಾಳೆಯ ಬಟ್ಟೆಗೂ ಅದೇ ಸೂಜಿ. ನೂಲು ಮಾತ್ರ ಬಟ್ಟೆಯ ಜೊತೆ ಹೋಗುತ್ತದೆ. ಹಾಗೇ ಮನೆ ಕಟ್ಟಿದ ಮೇಲೆ ಸಿಮೆಂಟು, ಇಟ್ಟಿಗೆ ಮನೆಯಲ್ಲೇ ಉಳಿದವು, ಗೋಡೆ ಎನ್ನುವುದು ಅವನು ಮಾಡಿದ ಕೆಲಸವೇ. ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗಬಹುದಾದ್ದು ಮಿಕ್ಕ ಒಂದೇ. ಪದದ ಅರ್ಥ ಗೊತ್ತಿಲ್ಲದಿದ್ದರೂ ಆ ಸರಿ ಎಂದು ಹೀಗೆ ಸಿಗುತ್ತದೆ. ಒಂದು ಬ್ಯಾಚಿನಲ್ಲಿ ಒಬ್ಬ ಹುಡುಗ ಇದನ್ನೆಲ್ಲ ಕೇಳಿ ನಕ್ಕ. ಅವನ ತಂದೆ ಗಾರೆ ಮೇಸ್ತ್ರಿ. ಗಾರೆಯನ್ನು ಎತ್ತಿ ಸವರುವ ತಗಡಿನ ಅಲಗು, ಅದರ ಮರದ ಹಿಡಿ ಎಲ್ಲ ವಿವರಿಸಿ ಉಳಿದವರಿಗೆ ಕರಣೆಯ ಪಾಠ ಮಾಡಿದ.

ಪದಗಳ ಅನುಕ್ರಮದ ಬಗ್ಗೆ ಒಂದೇ ಮಾತು. ‘ಸೂಜಿ : ದರ್ಜಿ’ ಎಂದಿದ್ದರೆ ಉತ್ತರದ ಜೋಡಿಯಲ್ಲೂ ಉಪಕರಣವೇ ಮೊದಲು ಬರಬೇಕು. ‘ಸೈನಿಕ : ಸೈನ್ಯ :: ಮರ : ?’ ಎಂದು ಕೇಳಿ ಆಯ್ಕೆಗಳಲ್ಲಿ ಬೇರನ್ನೂ ಕಾಡನ್ನೂ ಇಟ್ಟಿರುತ್ತಾರೆ. ಬೇರು ಮರದ ಒಳಗಿನದು, ಕಾಡು ಮರವನ್ನು ಒಳಗೊಂಡದ್ದು; ಸೈನಿಕನಿಂದ ಸೈನ್ಯಕ್ಕೆ ಹೋದ ದಿಕ್ಕಿನಲ್ಲೇ ಹೋದರೆ ಕಾಡು.

ಈ ಎರಡು ಪರೀಕ್ಷೆಗಳೂ ಕೈಕೊಡುವ ಪ್ರಶ್ನೆಗಳಿವೆ. ‘ನೇಕಾರ : ಮಗ್ಗ :: ಕಮ್ಮಾರ : ?’ ಎಂದು ಕೇಳಿ ಕುಲುಮೆ, ಸುತ್ತಿಗೆ ಎರಡನ್ನೂ ಕೊಟ್ಟರೆ? ಕೆಲಸ ಮುಗಿದ ಮೇಲೆ ಎರಡೂ ಕಮ್ಮಾರನ ಹತ್ತಿರವೇ ಇರುತ್ತವೆ. ವಾಕ್ಯ ಬಿಗಿ ಮಾಡಬೇಕು. ಮಗ್ಗ ನೂಲನ್ನು ಬಟ್ಟೆಯ ರೂಪಕ್ಕೆ ತರುತ್ತದೆ. ಕುಲುಮೆ ಕಬ್ಬಿಣವನ್ನು ಕಾಯಿಸಿ ಮೆತ್ತಗೆ ಮಾಡುತ್ತದೆ, ರೂಪ ಬರುವುದು ಸುತ್ತಿಗೆಯ ಏಟಿನಿಂದ. ನಾನಾದರೆ ಸುತ್ತಿಗೆಗೆ ಗುರುತು ಹಾಕುತ್ತೇನೆ. ಆದರೆ ಮಗ್ಗ ಒಂದೆಡೆ ಕದಲದೆ ನಿಂತಿರುವ ಸಾಧನ, ಕುಲುಮೆಯೂ ಹಾಗೇ ಎಂದು ವಾದಿಸುವವರನ್ನು ತಪ್ಪು ಎನ್ನಲಾರೆ. ಪ್ರಶ್ನೆ ತೆಗೆದವರ ಮನಸ್ಸಿನಲ್ಲಿ ಯಾವುದಿತ್ತೋ!

ಇಂಥದ್ದರ ಮುಂದೆ ಕೂತು ಯೋಚಿಸುವುದು ನಷ್ಟ. ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ ಇರುವ ಪರೀಕ್ಷೆಯಲ್ಲಿ, ನಾಲ್ಕರಲ್ಲಿ ಎರಡನ್ನು ಖಚಿತವಾಗಿ ಹೊಡೆದುಹಾಕಿದ್ದರೆ ಉಳಿದೆರಡರಲ್ಲಿ ಒಂದಕ್ಕೆ ಗುರುತು ಹಾಕುವುದು ಲಾಭದ್ದೇ. ಅಂಥ ಎರಡು ಪ್ರಶ್ನೆಯಲ್ಲಿ ಒಂದು ಸರಿ, ಒಂದು ತಪ್ಪಾದರೂ ಮುಕ್ಕಾಲು ಅಂಕ ಕೈಯಲ್ಲಿ ಉಳಿಯುತ್ತದೆ. ಗುರುತು ಹಾಕಿ ಮುಂದಕ್ಕೆ ಹೋಗಿ, ಆದರೆ ಪ್ರಶ್ನೆ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆದಾಗ ‘ಎರಡೂ ಸರಿ’ ಎಂದಷ್ಟೇ ಬರೆಯಬೇಡಿ. ಮೊದಲ ಜೋಡಿಯ ನಂಟನ್ನು ಒಂದು ವಾಕ್ಯದಲ್ಲಿ ಬರೆದು, ಅದೇ ವಾಕ್ಯ ಎರಡು ಆಯ್ಕೆಗಳಿಗೂ ಹೇಗೆ ಕೂರುತ್ತದೆ ಎಂದು ತೋರಿಸಿ, ಜೊತೆಗೆ ನಿಘಂಟಿನ ಪುಟದ ಪ್ರತಿಯನ್ನೂ ಲಗತ್ತಿಸಿ.