ಮೂಗಿನ ಟ್ಯೂಬ್ ತೆಗೆಸಿದ ಕೇರ್ ಪ್ಲಾನ್: ನನ್ನ ಅನುಭವ

ಈ ಪೇಶೆಂಟ್‌ಗೆ ಬಾಯಿಂದ ಊಟ ಶುರು ಮಾಡೋಣ ಅಂದಾಗ ವಾರ್ಡಿನಲ್ಲಿ ಯಾರೂ ಒಪ್ಪಲಿಲ್ಲ. "ಟ್ಯೂಬ್ ಇದೆಯಲ್ಲ, ಸೇಫ್. ಸುಮ್ಮನೆ ಯಾಕೆ ಮೈಮೇಲೆ ಎಳ್ಕೋತೀರಾ ಸಿಸ್ಟರ್?" ಅಂದರು ಸೀನಿಯರ್. ಈಗ ನನ್ನ ಪ್ಲಾನಿನ ಜೆರಾಕ್ಸ್ ಅವರ ಫೈಲಿನಲ್ಲೇ ಇದೆ.

ಪೇಶೆಂಟ್ ಎಪ್ಪತ್ತರ ಆಸುಪಾಸಿನವರು. ಮೆದುಳಿನ ಎಡಭಾಗದ ಸ್ಟ್ರೋಕ್, ಬಲಗಡೆ ಸ್ವಾಧೀನವಿಲ್ಲ, ಬಾಯಿಯ ಬಲಮೂಲೆ ಜೋತು ಜೊಲ್ಲು ಸುರಿಯುತ್ತಿತ್ತು. ನೀರು ಕುಡಿಸಿ ನೋಡಿದ ಸ್ಕ್ರೀನಿಂಗ್‌ನಲ್ಲಿ ಕೆಮ್ಮು, ಆಮೇಲೆ ಗೊರಗೊರ ಧ್ವನಿ. ಹಾಗಾಗಿ ಟ್ಯೂಬ್ ಹಾಕಿ ಬಾಯಿಗೆ ಏನೂ ಕೊಡದೆ ಇಟ್ಟಿದ್ದರು. ಆದರೂ ವಾರದೊಳಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಟಾರ್ಚ್ ಹಾಕಿ ಬಾಯಿ ನೋಡಿದೆ. ನಾಲಿಗೆ ಮೇಲೆ ಒಣಗಿದ ಕಂದು ಪೊರೆ, ಬಲ ಕೆನ್ನೆಯೊಳಗೆ ಅಂಟಂಟು ಕಫ. ಊಟ ಟ್ಯೂಬಿನಲ್ಲಿ ಹೋದರೂ ಆ ಕೊಳೆ ಜೊಲ್ಲು ಶ್ವಾಸಕೋಶಕ್ಕೆ ಇಳಿಯುವುದನ್ನು ಟ್ಯೂಬ್ ತಡೆಯುವುದಿಲ್ಲ. ಆಂಟಿಬಯೋಟಿಕ್ ಬಿಲ್ ನೋಡಿ ಮನೆಯವರು ಕಂಗಾಲಾಗಿದ್ದರು.

ಅದಕ್ಕೇ ಡಯಾಗ್ನೋಸಿಸ್ ಬರೆಯುವಾಗ ಆಸ್ಪಿರೇಶನ್, ಅಂದರೆ ಊಟ ಇಲ್ಲವೇ ಜೊಲ್ಲು ಶ್ವಾಸನಾಳಕ್ಕೆ ಇಳಿಯುವ ಅಪಾಯವನ್ನು ಮೊದಲಿಟ್ಟೆ. ಕಾರಣದ ಜಾಗದಲ್ಲಿ ಗಂಟಲಿನ ಸ್ನಾಯುಗಳ ನಿಶ್ಶಕ್ತಿಯ ಜೊತೆಗೆ ಬಾಯಿಯ ಕೊಳೆಯನ್ನೂ ಸೇರಿಸಿದೆ. ನುಂಗುವ ತೊಂದರೆ ಎರಡನೆಯದು, ನೀರಿನಂಶ ಕಮ್ಮಿಯಾಗುವ ಅಪಾಯ ಮೂರನೆಯದು. ಹಳೆಯ ಪ್ಲಾನಿನಲ್ಲಿ ಗುರಿ ಅಂತ ಇದ್ದದ್ದು "ಪೇಶೆಂಟ್ ಸುರಕ್ಷಿತವಾಗಿ ನುಂಗುವರು" ಎಂಬ ಒಂದೇ ಸಾಲು. ಅದನ್ನು ಅಳೆಯೋದು ಹೇಗೆ? ನಾನು ಬರೆದದ್ದು: ಜ್ವರ 38 ಡಿಗ್ರಿ ದಾಟಬಾರದು, ಎದೆಯಲ್ಲಿ ಹೊಸ ಶಬ್ದ ಕೇಳಬಾರದು, ಊಟದ ನಂತರ ಧ್ವನಿ ಒದ್ದೆಯಾಗಿ ಗೊರಗೊರ ಅನ್ನಬಾರದು, ಅರ್ಧ ಗಂಟೆಯೊಳಗೆ ಮುಕ್ಕಾಲು ಪಾಲು ಊಟ ಮುಗಿಯಬೇಕು, ತೂಕ ಇಳಿಯಬಾರದು.

ಬಾಯಿಂದ ಕೊಡುವ ಮುಂಚೆ ಕೆಲವು ದಿನ ಬರೀ ಬಾಯಿ ಸ್ವಚ್ಛತೆ. ಮೆತ್ತನೆ ಬ್ರಷ್, ಪಕ್ಕದಲ್ಲೇ ಸಕ್ಷನ್, ಶಿಫ್ಟಿಗೆ ಎರಡು ಸಲ. ಜ್ವರ ಇಳಿದ ಮೇಲೆ ಸ್ಪೀಚ್ ಥೆರಪಿಸ್ಟ್ ಮತ್ತೆ ನೋಡಿ, ಮಂದ ದ್ರವ ಕೊಡಬಹುದು, ಗಲ್ಲ ಎದೆಗೆ ತಾಗಿಸಿ, ಮುಖ ಬಲಕ್ಕೆ ತಿರುಗಿಸಿ ನುಂಗಿಸಿ ಅಂದರು. ಈ ಭಂಗಿ ಎಲ್ಲರಿಗೂ ಹೊಂದುವುದಿಲ್ಲ, ಥೆರಪಿಸ್ಟ್ ನೋಡದೆ ಮಾಡಿಸಬೇಡಿ. ನೆಟ್ಟಗೆ ಕೂರಿಸಿ ಅರ್ಧ ಚಮಚದಂತೆ ಎಡಗಡೆ ಇಟ್ಟೆ. ನಾಲ್ಕೈದು ಚಮಚಕ್ಕೊಮ್ಮೆ "ಆ ಅನ್ನಿ" ಅಂತಿದ್ದೆ. ಧ್ವನಿ ಒದ್ದೆಯಾದರೆ ಕೆಮ್ಮಿಸಿ ಇನ್ನೊಮ್ಮೆ ನುಂಗಿಸಬೇಕು. ಮತ್ತೆ ಒದ್ದೆಯಾದರೆ ಆ ಹೊತ್ತಿನ ಊಟ ಬಂದ್, ಉಳಿದದ್ದು ಟ್ಯೂಬಿನಲ್ಲಿ. ಈ ನಿಯಮವನ್ನು ದಪ್ಪಕ್ಷರದಲ್ಲಿ ಮಂಚಕ್ಕೆ ಅಂಟಿಸಿದ್ದೆ. ಕೊನೆಗೆ ಬಲ ಕೆನ್ನೆಯೊಳಗೆ ಬೆರಳಾಡಿಸಿ ತುತ್ತು ಉಳಿದಿದೆಯಾ ನೋಡಿ, ಅರ್ಧ ಗಂಟೆ ಕೂತೇ ಇರಿಸುತ್ತಿದ್ದೆ. ಫಿಸಿಯೋ ಮುಗಿಸಿ ಸುಸ್ತಾದಾಗ ಊಟ ಕೊಟ್ಟರೆ ಕೆಮ್ಮು ಗ್ಯಾರಂಟಿ. ಅದನ್ನು ಹಿಂದೆ ಮುಂದೆ ಮಾಡಿಸಿದೆ.

ಅಷ್ಟಾದರೂ ನೈಟ್ ಶಿಫ್ಟಿನಲ್ಲಿ ಕೆಮ್ಮು ನಿಲ್ಲಲಿಲ್ಲ. ನೋಡಿದರೆ ದ್ರವ ಮಂದ ಮಾಡುವ ಪುಡಿಯನ್ನು ಒಬ್ಬೊಬ್ಬರು ಒಂದೊಂದು ಹದಕ್ಕೆ ಕಲಸುತ್ತಿದ್ದರು. ಅಂದಾಜು ಬಿಡಿಸಿ, ದ್ರವದ ಮಂದತೆ ಅಳೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಡಿಡಿಎಸ್‌ಐನ ಸಿರಿಂಜ್ ಟೆಸ್ಟ್ ಹಿಡಿಸಿದೆ: ಸೂಜಿ, ಪ್ಲಂಜರ್ ತೆಗೆದ ಸಿರಿಂಜಿಗೆ 10 ಎಂಎಲ್ ತುಂಬಿ, 10 ಸೆಕೆಂಡ್ ಹರಿಯಲು ಬಿಟ್ಟರೆ 4ರಿಂದ 8 ಎಂಎಲ್ ಒಳಗೆ ಉಳಿಯಬೇಕು, ಅದು ಲೆವೆಲ್ 2, ಅಂದರೆ ಸ್ವಲ್ಪ ಮಂದ. ಸಿರಿಂಜಿನ ಸೊನ್ನೆಯಿಂದ ಹತ್ತರ ಗೆರೆವರೆಗೆ 61.5 ಮಿ.ಮೀ. ಇರಬೇಕು, ಬೇರೆ ಅಳತೆಯದಾದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಕಾಟ ಪಿಷ್ಟದ ಪುಡಿಯದು. ಕಲಸಿದಾಗ ಸರಿಯಿದ್ದ ಕಪ್ಪು ಅರ್ಧ ಮುಗಿಯುವಷ್ಟರಲ್ಲಿ ತೆಳ್ಳಗಾಗುತ್ತಿತ್ತು. ಅನುಮಾನ ಬಂದು ಎರಡು ಕಪ್ಪು ಕಲಸಿ, ಒಂದರಲ್ಲಿ ನನ್ನ ಬಾಯಿಗೆ ಹೋದ ಚಮಚ ಅದ್ದಿಟ್ಟೆ. ಸ್ವಲ್ಪ ಹೊತ್ತಿಗೆ ಅದು ನೀರಾಗಿತ್ತು. ಜೊಲ್ಲಿನ ಅಮೈಲೇಸ್ ಪಿಷ್ಟವನ್ನು ಕರಗಿಸುತ್ತದೆ, ಮಂದ ಮಾಡುವ ಇನ್ನೊಂದು ಪುಡಿ ಕ್ಸಾಂಥಾನ್ ಗಮ್ಮನ್ನು ಕರಗಿಸುವುದಿಲ್ಲ. ಗಮ್ಮಿನ ಡಬ್ಬಿ ದುಬಾರಿ, ಪೇಶೆಂಟ್ ಮಗಳು ಮುಖ ಸಿಂಡರಿಸಿದರು. ಆದರೆ ಪುಡಿ ಕಮ್ಮಿ ಸಾಕು, ಚೆಲ್ಲುವ ಕಪ್ಪುಗಳೂ ನಿಂತವು. ಗಂಟಾಗದಂತೆ ಕಲಸುವ ನನ್ನ ಕೈಚಳಕ ಒಂದಿದೆ, ಅದನ್ನು ಇಲ್ಲಿ ಬರೆಯಲ್ಲ! ಮಲಬದ್ಧತೆಗೆ ಕೊಡುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ಮಾತ್ರ ಪಿಷ್ಟದ ದ್ರವಕ್ಕೆ ಬೆರೆಸಲೇಬೇಡಿ, ಆಗಲೂ ದ್ರವ ತೆಳ್ಳಗಾಗುತ್ತದೆ.

ಊಟ ಮುಕ್ಕಾಲು ಪಾಲು ದಾಟಿದ ಮೇಲೂ ಟ್ಯೂಬ್ ಕೆಲ ದಿನ ಇರಿಸಿಕೊಂಡೆವು. ಮಂದ ನೀರು ಯಾರಿಗೂ ರುಚಿಸಲ್ಲ. ಕುಡಿಯೋದು ಕಮ್ಮಿಯಾಗಿ ಮೂತ್ರ ಕಡು ಹಳದಿಯಾಗಿತ್ತು. ಗಂಟೆಗೊಮ್ಮೆ ಸ್ವಲ್ಪಸ್ವಲ್ಪ ಕೊಟ್ಟು ಅದು ತಿಳಿಯಾದ ಮೇಲೆ ಡಾಕ್ಟರ್ ಟ್ಯೂಬ್ ತೆಗೆಸಿದರು.

ಇದೇ ಪ್ಲಾನ್ ಇನ್ನೊಬ್ಬರಿಗೆ ಕೈಕೊಟ್ಟಿತು. ಅವರಿಗೆ ಕೆಮ್ಮೂ ಇಲ್ಲ, ಧ್ವನಿಯೂ ಒದ್ದೆಯಾಗಲಿಲ್ಲ, ಸಂಜೆ ಮಾತ್ರ ಜ್ವರ ಏರುತ್ತಿತ್ತು. ವಿಡಿಯೋ ಎಕ್ಸ್‌ರೇಯಲ್ಲಿ ಸದ್ದಿಲ್ಲದೆ ಶ್ವಾಸನಾಳಕ್ಕೆ ಇಳಿಯುತ್ತಿದ್ದದ್ದು ಕಂಡಿತು. ಅಂಥವರಲ್ಲಿ "ಆ ಅನ್ನಿ" ಪರೀಕ್ಷೆಯನ್ನು ನಂಬುವಂತಿಲ್ಲ. ಅವರಿಗೆ ಟ್ಯೂಬೇ ಮುಂದುವರಿಯಿತು, ಬ್ರಷ್ ಮತ್ತು ಸಕ್ಷನ್ ಮಾತ್ರ ನನ್ನ ಪ್ಲಾನಿನಂತೆಯೇ ನಡೆಯುತ್ತಿದೆ.