ನೀಲಿ ಫಲಕ, ಕೆಂಪು ಫಲಕ: ರಾಯಭಾರ ಕಚೇರಿ ಕಾರಿನ ನಂಬರ್ ಓದುವ ಕ್ರಮ

ಮಾಸ್ಕೋದಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ ಒಮ್ಮೆ ರಸ್ತೆಯಲ್ಲಿ ಕಂಡ ಕಾರೊಂದರ ಕೆಂಪು ನಂಬರ್ ಪ್ಲೇಟಿನ ವಿವರವನ್ನು ಮನೆಯವರಿಗೆಲ್ಲ ಕಳುಹಿಸಿದ್ದ. ಅದು 033 ಎಂಬ ಅಂಕಿಯಿಂದ ಆರಂಭವಾಗಿತ್ತು. ಫ್ರಾನ್ಸಿಗೆ ಫೋನ್ ಮಾಡುವಾಗ 33 ಒತ್ತಬೇಕಾಗುತ್ತದೆ, ಆದ್ದರಿಂದ ಅದು ಫ್ರಾನ್ಸಿನ ಕಾರು ಎಂದು ಮನೆಯ ಹಿರಿಯರೊಬ್ಬರು ತೀರ್ಮಾನಿಸಿದರು, ಉಳಿದವರು ಒಪ್ಪಿಕೊಂಡರು. ಆ ಕಾರು ನಮ್ಮದೇ ದೇಶದ ರಾಯಭಾರ ಕಚೇರಿಯದಾಗಿತ್ತು. ಮಾಸ್ಕೋದ ಪಟ್ಟಿಯಲ್ಲಿ 033 ಭಾರತದ ಸಂಕೇತ, ಫ್ರಾನ್ಸಿನದು 007. ಇಂಥ ಎಡವಟ್ಟನ್ನು ಪದೇ ಪದೇ ಕಂಡಿದ್ದರಿಂದ ಈ ಫಲಕಗಳನ್ನು ಓದುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಕಾರು ಯಾವ ದೇಶದ ರಸ್ತೆಯಲ್ಲಿದೆ ಎಂಬುದನ್ನು ಬರೆದುಕೊಳ್ಳಿ. ಸಂಕೇತವನ್ನು ಕೊಡುವುದು ಆತಿಥೇಯ ದೇಶ, ರಾಯಭಾರಿಯನ್ನು ಕಳುಹಿಸಿದ ದೇಶವಲ್ಲ. ಹಾಗಾಗಿ ಒಂದೇ ದೇಶಕ್ಕೆ ಪ್ರತಿ ರಾಜಧಾನಿಯಲ್ಲಿಯೂ ಬೇರೆ ಬೇರೆ ಸಂಕೇತವಿರುತ್ತದೆ. ದೆಹಲಿಯಲ್ಲಿ ಅಮೆರಿಕದ ಸಂಖ್ಯೆ 77, ಮಾಸ್ಕೋದಲ್ಲಿ ಅದೇ ಅಮೆರಿಕ 004.

ಎರಡನೆಯ ಹೆಜ್ಜೆ: ಬಣ್ಣ ನೋಡಿ. ಆದರೆ ಒಂದು ದೇಶದ ಬಣ್ಣದ ಅರ್ಥವನ್ನು ಇನ್ನೊಂದಕ್ಕೆ ಹೊರಿಸಬೇಡಿ. ಭಾರತದಲ್ಲಿ ರಾಜತಾಂತ್ರಿಕ ಫಲಕ ತಿಳಿನೀಲಿ, ಅಕ್ಷರಗಳು ಬಿಳಿ. ರಷ್ಯಾದಲ್ಲಿ ನೀಲಿಯ ಮೇಲೆ ಬಿಳಿ ಅಕ್ಷರವಿದ್ದರೆ ಅದು ಪೊಲೀಸ್ ವಾಹನ. ಅಲ್ಲಿ ರಾಜತಾಂತ್ರಿಕ ಫಲಕ ಕೆಂಪು, ಅಕ್ಷರಗಳು ಬಿಳಿ. ಅದೇ ಕೆಂಪು ಮತ್ತು ಬಿಳಿ ನಮ್ಮಲ್ಲಿ ಕಂಡರೆ ಅದು ಸಾಮಾನ್ಯವಾಗಿ ವಾಹನ ಮಾರಾಟಗಾರರ ವ್ಯಾಪಾರ ಪ್ರಮಾಣಪತ್ರದ ಫಲಕ, ಅಂದರೆ ಷೋರೂಮಿನಿಂದ ಪರೀಕ್ಷೆಗೆಂದು ಹೊರಬಂದ ಹೊಸ ಕಾರು.

ಮೂರನೆಯ ಹೆಜ್ಜೆಯಲ್ಲಿಯೇ ಹೆಚ್ಚಿನವರು ಸೋಲುತ್ತಾರೆ. ಫಲಕದಲ್ಲಿರುವ ಅಂಕಿಗಳನ್ನು ಒಟ್ಟಾಗಿ ಓದದೆ ಗುಂಪುಗಳಾಗಿ ಒಡೆದು, ಯಾವ ಗುಂಪು ದೇಶವನ್ನು ಹೇಳುತ್ತದೆ, ಯಾವುದು ಕ್ರಮಸಂಖ್ಯೆ, ಯಾವುದು ಊರಿನ ಗುರುತು ಎಂದು ಬೇರ್ಪಡಿಸಬೇಕು. ಭಾರತದ ಫಲಕ ಈ ವಿಷಯದಲ್ಲಿ ಸರಳವಾಗಿದೆ. ಅದರಲ್ಲಿ ರಾಜ್ಯದ ಅಕ್ಷರಗಳಿರುವುದಿಲ್ಲ. ಮೊದಲು ದೇಶದ ಸಂಖ್ಯೆ, ನಡುವೆ ಅಕ್ಷರಗಳು, ಕೊನೆಯಲ್ಲಿ ಕ್ರಮಸಂಖ್ಯೆ. 2012ರ ಫೆಬ್ರುವರಿ 13ರಂದು ದೆಹಲಿಯಲ್ಲಿ ಬಾಂಬ್ ದಾಳಿಗೆ ಒಳಗಾದ ಇಸ್ರೇಲ್ ರಾಯಭಾರ ಕಚೇರಿಯ ಕಾರಿನ ಸಂಖ್ಯೆ ಪತ್ರಿಕೆಗಳಲ್ಲಿ ಅಚ್ಚಾಗಿತ್ತು: 109 CD 35. ಇದರಲ್ಲಿ 109 ಇಸ್ರೇಲ್, CD ಎಂದರೆ ರಾಜತಾಂತ್ರಿಕ ವರ್ಗ, 35 ಆ ಕಚೇರಿಯ ವಾಹನಗಳ ಸಾಲಿನಲ್ಲಿ ಈ ಕಾರಿನ ಸಂಖ್ಯೆ. ನಡುವಿನ ಅಕ್ಷರಗಳು CC ಆಗಿದ್ದರೆ ಕಾರು ಕಾನ್ಸುಲೇಟಿನದು. ಬೆಂಗಳೂರಿನಲ್ಲಿರುವುದು ಕಾನ್ಸುಲೇಟುಗಳೇ ಹೊರತು ರಾಯಭಾರ ಕಚೇರಿಗಳಲ್ಲವಾದ್ದರಿಂದ ಇಲ್ಲಿನವರ ಕಣ್ಣಿಗೆ ಬೀಳುವುದು ಮುಖ್ಯವಾಗಿ ಇದೇ. UN ಎಂದಿದ್ದರೆ ಅಲ್ಲಿಗೇ ನಿಲ್ಲಿಸಿ: ಅದು ವಿಶ್ವಸಂಸ್ಥೆಯ ವಾಹನ, UN ಅಕ್ಷರಗಳಿಗೆ ಮೊದಲು ಬರುವ ಅಂಕಿಯನ್ನು ದೇಶಗಳ ಪಟ್ಟಿಯಲ್ಲಿ ಹುಡುಕುವುದು ತಪ್ಪು.

ರಷ್ಯಾದ ಫಲಕದಲ್ಲಿ ಮೂರು ಅಂಕಿಗುಂಪುಗಳಿರುತ್ತವೆ. ಉದಾಹರಣೆಗೆ 033 D 012 ಎಂದು ಬರೆದು, ಬಲತುದಿಯ ಪ್ರತ್ಯೇಕ ಚೌಕದಲ್ಲಿ ಚಿಕ್ಕದಾಗಿ 77 ಎಂದಿದೆಯೆನ್ನೋಣ. ಮೊದಲ ಮೂರು ಅಂಕಿಗಳು ದೇಶ: ಭಾರತ. D ಎಂದರೆ ರಾಜತಾಂತ್ರಿಕ ಅಧಿಕಾರಿಯ ಕಾರು. 012 ಕ್ರಮಸಂಖ್ಯೆ. ಬಲತುದಿಯ 77 ಮಾಸ್ಕೋ ನಗರದ ಗುರುತು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನೋಂದಣಿಯಾಗಿದ್ದರೆ ಅಲ್ಲಿ 78 ಇರುತ್ತದೆ. ದೆಹಲಿಯ ಫಲಕಗಳನ್ನು ಚೆನ್ನಾಗಿ ಬಲ್ಲವರು ಈ 77ನ್ನು ಕಂಡೊಡನೆ ಅಮೆರಿಕ ಎಂದುಬಿಡುವುದನ್ನು ನಾನು ಕೇಳಿದ್ದೇನೆ. ಸಂಖ್ಯೆ ಒಂದೇ ಆದರೂ ಅದು ಕುಳಿತಿರುವ ಜಾಗ ಬೇರೆ, ಆದ್ದರಿಂದ ಅರ್ಥವೂ ಬೇರೆ. ಬಲತುದಿಯ ಚೌಕವನ್ನು ಬೆರಳಿನಿಂದ ಮುಚ್ಚಿ ಉಳಿದುದನ್ನು ಮಾತ್ರ ಓದುವ ಅಭ್ಯಾಸ ಮಾಡಿಕೊಂಡರೆ ಈ ತಪ್ಪು ಆಗುವುದಿಲ್ಲ. ಫೋಟೋ ಇದ್ದವರು ಕಡ್ಡಾಯವಾಗಿ ಹೀಗೆಯೇ ಮಾಡಬೇಕೆಂಬುದು ನನ್ನ ಅಭಿಪ್ರಾಯ.

ಅಕ್ಷರಗಳಲ್ಲಿಯೂ ಎರಡು ತೊಡಕುಗಳಿವೆ. ಮೊದಲನೆಯದು CD. ಭಾರತದಲ್ಲಿ ಅದು ರಾಯಭಾರ ಕಚೇರಿಯ ಯಾವುದೇ ರಾಜತಾಂತ್ರಿಕ ವಾಹನಕ್ಕೆ ಬರುತ್ತದೆ. ರಷ್ಯಾದಲ್ಲಿ CD ಇರುವುದು ಕಚೇರಿಯ ಮುಖ್ಯಸ್ಥರ ಕಾರಿಗೆ, ಅಂದರೆ ರಾಯಭಾರಿಗೆ. CD ಆದ ಮೇಲೆ ಬರುವ ಕ್ರಮಸಂಖ್ಯೆಯಲ್ಲಿ ಮೂರು ಅಂಕಿಗಳ ಬದಲು ಒಂದೇ ಅಂಕಿ ಇರುವುದನ್ನು ನೋಡಿಯೂ ಇದನ್ನು ಗುರುತಿಸಬಹುದು. ಎರಡನೆಯದು T. ಅಲ್ಲಿ ಇದು ಆಡಳಿತ ಮತ್ತು ತಾಂತ್ರಿಕ ಸಿಬ್ಬಂದಿಯ ವಾಹನಕ್ಕೆ ಸಲ್ಲುವ ಅಕ್ಷರ. ರಷ್ಯಾದ ಸಾಮಾನ್ಯ ಫಲಕಗಳಲ್ಲಿ, ಅಲ್ಲಿನ ಸಿರಿಲಿಕ್ ಲಿಪಿಗೂ ಲ್ಯಾಟಿನ್ ಲಿಪಿಗೂ ರೂಪದಲ್ಲಿ ಹೊಂದುವ 12 ಅಕ್ಷರಗಳನ್ನು ಮಾತ್ರ ಬಳಸುತ್ತಾರೆ. D ಅವುಗಳಲ್ಲಿ ಸೇರಿಲ್ಲವಾದ್ದರಿಂದ D ಕಂಡರೆ ಅನುಮಾನಕ್ಕೆ ಎಡೆಯಿಲ್ಲ. T ಆ 12ರಲ್ಲಿ ಒಂದಾದ್ದರಿಂದ ಅದೊಂದನ್ನೇ ನಂಬದೆ ಫಲಕ ಕೆಂಪಾಗಿದೆಯೇ ಎಂದು ಮತ್ತೊಮ್ಮೆ ಖಚಿತಪಡಿಸಿಕೊಳ್ಳಬೇಕು. ಕಪ್ಪುಬಿಳುಪಿನ ಚಿತ್ರವಾಗಿದ್ದರೆ T ಇರುವ ಫಲಕದ ಬಗ್ಗೆ ಅವಸರದ ತೀರ್ಮಾನ ಬೇಡ.

ನಾಲ್ಕನೆಯ ಹೆಜ್ಜೆ: ಪಟ್ಟಿ ನೋಡಿ. ಮಾಸ್ಕೋದ ಪಟ್ಟಿ 001 ಬ್ರಿಟನ್, 002 ಜರ್ಮನಿ, 003 ಕೆನಡಾ, 004 ಅಮೆರಿಕ, 005 ಜಪಾನ್, 006 ಸ್ಪೇನ್, 007 ಫ್ರಾನ್ಸ್ ಎಂದು ಸಾಗುತ್ತದೆ. ಇದು ಅಕಾರಾದಿಯೂ ಅಲ್ಲ, ಫೋನ್ ಸಂಕೇತವೂ ಅಲ್ಲ. ಊಹೆಯಿಂದ ಮುಂದಿನ ಸಂಖ್ಯೆಯನ್ನು ತುಂಬಲು ಸಾಧ್ಯವೇ ಇಲ್ಲ. ಇನ್ನೊಂದು ಎಚ್ಚರ: ಈ ಪಟ್ಟಿಯಲ್ಲಿರುವುದೆಲ್ಲ ದೇಶವೇ ಎಂದು ಭಾವಿಸಬಾರದು. 499 ಐರೋಪ್ಯ ಒಕ್ಕೂಟದ ನಿಯೋಗಕ್ಕೆ ಮೀಸಲಾದ ಸಂಖ್ಯೆ. ಮೊಬೈಲಿನಲ್ಲಿ ಹರಿದಾಡುವ ‘ವಿಶ್ವದ ರಾಜತಾಂತ್ರಿಕ ಸಂಕೇತಗಳು’ ಎಂಬ ಒಂದೇ ಹಾಳೆಯ ಪಟ್ಟಿಗಳನ್ನು ದಯವಿಟ್ಟು ಬಳಸಬೇಡಿ. ಎಲ್ಲ ದೇಶಗಳಿಗೂ ಹೊಂದುವ ಒಂದು ಪಟ್ಟಿ ಇರುವುದು ಸಾಧ್ಯವೇ ಇಲ್ಲವೆಂದು ಮೊದಲ ಹೆಜ್ಜೆಯಿಂದಲೇ ತಿಳಿಯುತ್ತದೆ. ಫಲಕದ ಚಿತ್ರ ತೆಗೆದರೆ ಮಾಲೀಕರ ವಿವರ ತೋರಿಸುವ ಆ್ಯಪ್‌ಗಳೂ ಇಲ್ಲಿ ನೆರವಾಗುವುದಿಲ್ಲ. ನಾನು ಪ್ರಯತ್ನಿಸಿದ ಒಂದು ಆ್ಯಪ್ ನೀಲಿ ಫಲಕದ ಮೊದಲ ಅಂಕಿಯನ್ನು ಕೈಬಿಟ್ಟು ಉಳಿದುದನ್ನು ಹುಡುಕಿತು.

ಪಟ್ಟಿಯನ್ನು ಪರೀಕ್ಷಿಸಲು ನಾನು ನಂಬುವ ವಿಧಾನ ಒಂದೇ. ಖಚಿತವಾಗಿ ಗೊತ್ತಿರುವ ರಾಯಭಾರ ಕಚೇರಿಯ ಬಳಿ ಹಾದುಹೋಗುವಾಗ ಒಳಗೆ ಹೋಗುವ ಅಥವಾ ಹೊರಬರುವ ಕಾರುಗಳ ಮೊದಲ ಅಂಕಿಗುಂಪನ್ನು ಗಮನಿಸಿ. ದೆಹಲಿಯ ಶಾಂತಿಪಥದಲ್ಲಿ ಅಮೆರಿಕದ ಕಚೇರಿಯೆದುರು 77, ಮಾಸ್ಕೋದ ವೊರೊಂತ್ಸೊವೊ ಪೋಲ್ಯೆ ರಸ್ತೆಯಲ್ಲಿ ಭಾರತದ ಕಚೇರಿಯೆದುರು 033 ಮತ್ತೆ ಮತ್ತೆ ಕಾಣಬೇಕು. ಒಂದೇ ಕಾರು ಸಾಲದು, ಅದು ಅತಿಥಿಯಾಗಿ ಬಂದ ಬೇರೆ ದೇಶದವರದಾಗಿರಬಹುದು. ಹಲವು ಕಾರುಗಳಲ್ಲಿ ಒಂದೇ ಸಂಖ್ಯೆ ಬಂದರೆ ಮಾತ್ರ ಪಟ್ಟಿಗೆ ಗುರುತು ಹಾಕಿ. ಗೇಟಿನ ಮುಂದೆ ನಿಂತು ಫೋಟೋ ತೆಗೆಯಬೇಡಿ, ಕಾವಲುಗಾರರು ಅದನ್ನು ಒಪ್ಪುವುದಿಲ್ಲ. ಕಾರಿನ ಮುಂಭಾಗದಲ್ಲಿ ಧ್ವಜ ಹಾರುತ್ತಿದ್ದರೆ ಅದು ಇನ್ನೂ ಉತ್ತಮ ಸಾಕ್ಷಿ. 1961ರ ವಿಯೆನ್ನಾ ಒಪ್ಪಂದದ 20ನೆಯ ವಿಧಿಯು ಕಚೇರಿಗೂ ಅದರ ಮುಖ್ಯಸ್ಥರಿಗೂ ಧ್ವಜ ಬಳಸುವ ಹಕ್ಕನ್ನು ಕೊಟ್ಟಿದೆ, ಆ ಹಕ್ಕು ಮುಖ್ಯಸ್ಥರ ವಾಹನಕ್ಕೂ ಅನ್ವಯಿಸುತ್ತದೆ. ಧ್ವಜವೂ ಸಂಕೇತವೂ ಹೊಂದಿಕೆಯಾಗದಿದ್ದರೆ ತಪ್ಪು ನಿಮ್ಮ ಪಟ್ಟಿಯಲ್ಲಿದೆ.

ಸಂಕೇತವು ವಾಹನ ಯಾವ ಕಚೇರಿಗೆ ಸೇರಿದೆ ಎಂಬುದನ್ನಷ್ಟೇ ಹೇಳುತ್ತದೆ. ದೆಹಲಿಯಲ್ಲಿ 77 CD ಕಾರನ್ನು ನಡೆಸುತ್ತಿರುವವರು ಉತ್ತರ ಪ್ರದೇಶದ ಚಾಲಕರಾಗಿರಬಹುದು, ಹಿಂದೆ ಕುಳಿತವರು ಕಚೇರಿಯ ಭಾರತೀಯ ನೌಕರರಾಗಿರಬಹುದು.